ನಾಮಫಲಕದ ಮೂರನೆಯ ಓದುಗ

ರಾಯಚೂರು ಜಿಲ್ಲೆಯ ಗಡಿಭಾಗದ ಅಂಗಡಿಗಳ ನಾಮಫಲಕಗಳಲ್ಲಿ ಸಾಮಾನ್ಯವಾಗಿ ಎರಡು ಲಿಪಿಗಳಿರುತ್ತವೆ: ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಆದರೆ ಯಾಪಲದಿನ್ನಿಯಂತಹ ಊರಿನಲ್ಲಿ ಬೀಜ, ಗೊಬ್ಬರ ಕೊಳ್ಳಲು ಬರುವ ಗಿರಾಕಿ ಗದ್ವಾಲ ಕಡೆಯ ರೈತನೂ ಆಗಿರಬಹುದು. ಅವನು ಓದಬಲ್ಲುದು ತೆಲುಗು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದವು. ಆಡಳಿತದ ಗಡಿ ಬದಲಾಯಿತೇ ಹೊರತು ವ್ಯಾಪಾರದ ದಾರಿ ಬದಲಾಗಲಿಲ್ಲ. ಹೀಗಿರುವಾಗ ಎರಡು ಲಿಪಿಗಳ ಫಲಕವು ಈ ಮೂರನೆಯ ಓದುಗನನ್ನು ಎಷ್ಟರಮಟ್ಟಿಗೆ ತಲುಪುತ್ತದೆಂಬುದನ್ನು ವರ್ತಕರು ಪರಿಶೀಲಿಸಬೇಕಾಗಿದೆ.

ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದವು. ಆದ್ದರಿಂದ ತೆಲುಗು ಬಲ್ಲವನು ಕನ್ನಡ ಫಲಕವನ್ನು ಹೇಗೂ ಓದಿಕೊಳ್ಳುತ್ತಾನೆ ಎಂಬ ನಂಬಿಕೆಯುಂಟು. ಇದು ಅರ್ಧ ಸತ್ಯ ಮಾತ್ರ. ಗ, ನ, ಬ, ಮ, ರ, ಲ ಮೊದಲಾದ ಅಕ್ಷರಗಳು ಎರಡರಲ್ಲಿಯೂ ಬಹುತೇಕ ಒಂದೇ ರೂಪದಲ್ಲಿವೆ. ಆದರೆ ಕ, ತ, ಶ, ಹ ಅಕ್ಷರಗಳ ರೂಪ ಬೇರೆ. ಕನ್ನಡದಲ್ಲಿ ಅಕ್ಷರದ ಪಕ್ಕಕ್ಕೆ ಬರುವ ದೀರ್ಘದ ಚಿಹ್ನೆ ಮತ್ತು ಅರ್ಕಾವತ್ತು ಕೂಡ ಇಂದಿನ ತೆಲುಗು ಓದುಗನಿಗೆ ಅಪರಿಚಿತ. ‘ಗೊಬ್ಬರ’ವನ್ನು ಅವನು ಓದಬಲ್ಲ, ‘ಕೀಟನಾಶಕ’, ‘ವರ್ತಕರು’ ಎಂಬಲ್ಲಿ ತಡವರಿಸುತ್ತಾನೆ. ಓದಿದ್ದು ಅರ್ಥವಾಗಲೇಬೇಕೆಂದೂ ಇಲ್ಲ. ಅವನಿಗೆ ಗೊಬ್ಬರವೆಂದರೆ ‘ಎರುವುಲು’, ಬಿತ್ತನೆ ಬೀಜವೆಂದರೆ ‘ವಿತ್ತನಾಲು’. ಆದುದರಿಂದ ಕನ್ನಡದ ಪದಗಳನ್ನೇ ತೆಲುಗು ಅಕ್ಷರಗಳಲ್ಲಿ ಬರೆಸಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಅಂಗಡಿಯ ಹೆಸರನ್ನು ಇದ್ದಂತೆಯೇ ಇಟ್ಟು, ಸರಕಿನ ಹೆಸರನ್ನು ಅವನ ಮಾತಿನಲ್ಲಿ ಬರೆಸುವುದು ಯುಕ್ತ.

ಇದಕ್ಕೆ ಕಾನೂನು ಅಡ್ಡಿಯಾಗುತ್ತದೆಯೇ? 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಪ್ರಕಾರ ನಾಮಫಲಕದ ಶೇ. 60ರಷ್ಟು ಕನ್ನಡವಿರಬೇಕು ಮತ್ತು ಕನ್ನಡವು ಮೇಲ್ಭಾಗದಲ್ಲಿರಬೇಕು. ಉಳಿದ ಶೇ. 40ರಲ್ಲಿ ಇಂಗ್ಲಿಷೇ ಇರಬೇಕೆಂಬ ನಿಯಮವಿಲ್ಲ; ಅದು ರೂಢಿ ಮಾತ್ರ. ಹಾಗೆಂದು ರೋಮನ್ ಅಕ್ಷರಗಳನ್ನು ಪೂರ್ತಿ ಕೈಬಿಡುವಂತಿಲ್ಲ. ಜಿ.ಎಸ್.ಟಿ. ನಿಯಮ 18ರಂತೆ ನೋಂದಾಯಿತ ವ್ಯಾಪಾರಿಯು ಪ್ರವೇಶದ್ವಾರದ ನಾಮಫಲಕದಲ್ಲಿ ತನ್ನ ನೋಂದಣಿ ಸಂಖ್ಯೆಯನ್ನು ಪ್ರದರ್ಶಿಸಬೇಕು. ಆ ಸಂಖ್ಯೆಯಲ್ಲಿ ರೋಮನ್ ಅಕ್ಷರಗಳಿರುತ್ತವೆ. ಅದನ್ನು ನೋಡುವವರು ಅಧಿಕಾರಿಗಳು. ಅವರು ಹತ್ತಿರಕ್ಕೆ ಬಂದೇ ಓದುತ್ತಾರೆ. ಗಿರಾಕಿ ಓದುವುದು ರಸ್ತೆಯ ಆಚೆಯಿಂದ. ಜಾಗ ಹಂಚುವಾಗ ಈ ಭೇದವೇ ಮುಖ್ಯ.

10 ಅಡಿ ಅಗಲ, 4 ಅಡಿ ಎತ್ತರದ ಫಲಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 48 ಅಂಗುಲ ಎತ್ತರದಲ್ಲಿ ಮೇಲಿನ 29 ಅಂಗುಲ ಕನ್ನಡಕ್ಕೆ ಮೀಸಲಾದರೆ 19 ಅಂಗುಲ ಉಳಿಯುತ್ತದೆ. ತೆಲುಗಿನಲ್ಲಿಯೂ ಕನ್ನಡದಂತೆ ಮೇಲೆ ಗುಣಿತ, ಕೆಳಗೆ ಒತ್ತು ಬರುವುದರಿಂದ ಸಾಲಿನ ಸುಮಾರು ಅರ್ಧ ಎತ್ತರ ಮಾತ್ರ ಮೂಲಾಕ್ಷರಕ್ಕೆ ಸಿಗುತ್ತದೆ. ಇಂಗ್ಲಿಷ್, ತೆಲುಗುಗಳಿಗೆ ಸಮಪಾಲು ಕೊಟ್ಟರೆ ತೆಲುಗು ಅಕ್ಷರ 5 ಅಂಗುಲಕ್ಕಿಂತ ಕಡಿಮೆಯಾಗುತ್ತದೆ. ಇಂಗ್ಲಿಷ್ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಅಡಿಯಲ್ಲಿ 5 ಅಂಗುಲದ ಪಟ್ಟಿಗೆ ಸೀಮಿತಗೊಳಿಸಿದರೆ ತೆಲುಗಿಗೆ 14 ಅಂಗುಲ ದೊರೆತು, ಅಕ್ಷರ 7 ಅಂಗುಲವಾಗುತ್ತದೆ. ಒಂದು ಅಂಗುಲದ ಅಕ್ಷರಕ್ಕೆ ಸುಮಾರು 10 ಅಡಿ ದೂರವೆಂಬುದು ರೂಢಿಯ ಲೆಕ್ಕ. ಅದರಂತೆ ಫಲಕವು 50 ಅಡಿಗೆ ಬದಲಾಗಿ 70 ಅಡಿ ದೂರಕ್ಕೆ ಸಲೀಸಾಗಿ ಕಾಣುತ್ತದೆ. ಅದೇ ಫಲಕ, ಅದೇ ಬಣ್ಣ. ವೆಚ್ಚದಲ್ಲಿ ಹೇಳಿಕೊಳ್ಳುವಂತಹ ಹೆಚ್ಚಳವಿಲ್ಲ.

ಇಷ್ಟಾದರೂ ಎಲ್ಲ ಅಂಗಡಿಗಳಿಗೂ ಮೂರನೆಯ ಲಿಪಿ ಬೇಕೆಂದಲ್ಲ. ಮನೆಯಲ್ಲಿ ತೆಲುಗು ಆಡುವ, ಆದರೆ ಕನ್ನಡ ಶಾಲೆಯಲ್ಲಿ ಓದಿದ ಕುಟುಂಬಗಳು ಈ ಭಾಗದಲ್ಲಿವೆ. ಅವರಿಗೆ ತೆಲುಗು ಕಿವಿಯ ಭಾಷೆ, ಕನ್ನಡ ಕಣ್ಣಿನ ಭಾಷೆ. ಗಲ್ಲಾಪೆಟ್ಟಿಗೆಯ ಮುಂದೆ ಕೇಳಿಬರುವ ಮಾತನ್ನೇ ಆಧರಿಸಿ ತೆಲುಗು ಬರೆಸುವ ವ್ಯಾಪಾರಿ ಇಲ್ಲಿ ಎಡವುತ್ತಾನೆ. ಗಿರಾಕಿಯ ಊರು ಯಾವುದೆಂದು ಬಿಲ್ ಪುಸ್ತಕವೇ ಹೇಳುತ್ತದೆ. ಒಂದು ಹಂಗಾಮಿನ ಬಿಲ್ಲುಗಳನ್ನು ತಿರುವಿ ನೋಡಿ, ಗಡಿಯಾಚೆಯ ಊರುಗಳು ಎಷ್ಟು ಬಾರಿ ಬಂದಿವೆಯೆಂದು ಎಣಿಸಿದ ಮೇಲೆಯೇ ನಿರ್ಧರಿಸುವುದು ಒಳಿತು.

ಬರೆಸಲು ನಿರ್ಧರಿಸಿದವರು ಬಣ್ಣ ಹಚ್ಚುವ ಮುನ್ನ ಸಾಲುಗಳನ್ನು ಕಾಗದದ ಮೇಲೆ ಪೂರ್ಣ ಅಳತೆಯಲ್ಲಿ ಬರೆಸಿ, ತೆಲುಗು ಪತ್ರಿಕೆ ಓದುವ ಗಿರಾಕಿಯೊಬ್ಬರಿಂದ ರಸ್ತೆಯ ಆಚೆ ನಿಂತು ಗಟ್ಟಿಯಾಗಿ ಓದಿಸಬೇಕು. ಆ ಬಳಿಕ ‘ಇಲ್ಲಿ ಏನು ಸಿಗುತ್ತದೆ?’ ಎಂದು ಕೇಳಬೇಕು. ಮೊದಲನೆಯದು ಲಿಪಿಯ ಪರೀಕ್ಷೆ, ಎರಡನೆಯದು ಭಾಷೆಯ ಪರೀಕ್ಷೆ. ಎರಡರಲ್ಲಿಯೂ ಗೆದ್ದ ಸಾಲು ಮಾತ್ರ ಫಲಕಕ್ಕೇರಲಿ. ಇದರಿಂದ ಕನ್ನಡದ ಪಾಲು ಒಂದಂಗುಲವೂ ಕುಗ್ಗುವುದಿಲ್ಲ. ಈವರೆಗೆ ಆ ಗಿರಾಕಿಗೆ ಉಪಯೋಗವಾಗದಿದ್ದ ಜಾಗವಷ್ಟೇ ಉಪಯೋಗಕ್ಕೆ ಬರುತ್ತದೆ.