ಪ್ರಶ್ನಾರ್ಥಕ ಚಿಹ್ನೆ ಕಂಡಲ್ಲೆಲ್ಲ ಮೇಲ್ಮುಖ ಬಾಣ ಬೇಡ

ಸ್ಪೋಕನ್ ಇಂಗ್ಲಿಷ್ ಅಭ್ಯಾಸದ ಹಾಳೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಹತ್ತು ವಾಕ್ಯ ಕೊಟ್ಟು, ಪ್ರತಿ ವಾಕ್ಯದ ಮುಂದೆ ಒಂದು ಖಾಲಿ ಚೌಕ ಬಿಟ್ಟಿರುತ್ತಾರೆ. ಓದುವಾಗ ಸ್ವರ ಮೇಲೇರಿದರೆ ↗ ಎಂದೂ, ಕೆಳಗಿಳಿದರೆ ↘ ಎಂದೂ ಗುರುತಿಸಬೇಕು. ಇಂಥ ಹಾಳೆಗಳನ್ನು ಹಲವು ವರ್ಷಗಳಿಂದ ತಿದ್ದುತ್ತಿರುವ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಹೆಚ್ಚಿನ ವಿದ್ಯಾರ್ಥಿಗಳು ವಾಕ್ಯವನ್ನು ಬಾಯಿಬಿಟ್ಟು ಓದುವುದೇ ಇಲ್ಲ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆಯೇ ಎಂದು ನೋಡುತ್ತಾರೆ. ಇದ್ದರೆ ಬಾಣ ಮೇಲಕ್ಕೆ, ಇಲ್ಲದಿದ್ದರೆ ಕೆಳಕ್ಕೆ. ಕಿವಿ ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಿ ಮುಗಿಸುತ್ತದೆ.

ಇದರಲ್ಲಿ ವಿದ್ಯಾರ್ಥಿಗಳ ಸೋಮಾರಿತನಕ್ಕಿಂತ ಅಭ್ಯಾಸದ ರಚನೆಯದೇ ಹೆಚ್ಚು ದೋಷ ಎಂಬುದು ನನ್ನ ಅಭಿಪ್ರಾಯ. ಚೌಕವನ್ನು ವಾಕ್ಯದ ಕೊನೆಯಲ್ಲಿ ಇಟ್ಟರೆ ಸ್ವರದ ಏರಿಳಿತವೆಲ್ಲ ಕೊನೆಯ ಪದಕ್ಕೆ ಅಂಟಿಕೊಂಡ ಬಾಲ ಎಂದು ಯಾರಿಗಾದರೂ ಅನಿಸುತ್ತದೆ. ಅದು ಹಾಗಲ್ಲ.

ಮೊದಲು ಪ್ರಶ್ನೆಗಳ ವಿಷಯ ನೋಡೋಣ. ಲಿಲಿಯಾಸ್ ಆರ್ಮ್‌ಸ್ಟ್ರಾಂಗ್ ಮತ್ತು ಐಡಾ ವಾರ್ಡ್ ಎಂಬ ಇಬ್ಬರು ಧ್ವನಿಶಾಸ್ತ್ರಜ್ಞೆಯರು 1926ರಲ್ಲಿ ಇಂಗ್ಲಿಷ್ ಸ್ವರದ ಏರಿಳಿತದ ಬಗ್ಗೆ ಒಂದು ಕೈಪಿಡಿ ಬರೆದರು. ವಿದೇಶಿ ವಿದ್ಯಾರ್ಥಿಗಳಿಗೆ ಸುಲಭವಾಗಲೆಂದು ಅವರು ಇಂಗ್ಲಿಷ್ ಮಾತಿನ ಧಾಟಿಯನ್ನು ಎರಡೇ ಬಗೆಯಾಗಿ ವಿಂಗಡಿಸಿದರು. ಒಂದು ಇಳಿದು ಮುಗಿಯುವುದು, ಇನ್ನೊಂದು ಏರಿ ಮುಗಿಯುವುದು. ಇಳಿಯುವ ಗುಂಪಿನಲ್ಲಿ ಹೇಳಿಕೆಗಳ ಜೊತೆಗೇ ವಾಟ್, ವೇರ್, ವೆನ್, ಹೂ ಮುಂತಾದ ಪದಗಳಿಂದ ಶುರುವಾಗುವ ಪ್ರಶ್ನೆಗಳೂ ಇದ್ದವು. ಹೌದು ಅಥವಾ ಇಲ್ಲ ಎಂದು ಉತ್ತರ ಬೇಡುವ ಪ್ರಶ್ನೆಗಳು ಮಾತ್ರ ಏರುವ ಗುಂಪಿಗೆ ಸೇರಿದವು. ಸುಮಾರು ನೂರು ವರ್ಷಗಳ ಹಿಂದಿನ ಈ ವಿಂಗಡಣೆ ಇಂದಿಗೂ ಪಾಠಗಳ ತಳಹದಿ. ಆದರೂ ನಮ್ಮ ತರಗತಿಗಳಲ್ಲಿ ‘ಪ್ರಶ್ನೆ ಎಂದರೆ ಏರುಸ್ವರ’ ಎಂಬ ಅರ್ಧ ಸತ್ಯವೇ ಓಡಾಡುತ್ತಿದೆ.

‘ವೇರ್ ಆರ್ ಯು ↘ಗೋಯಿಂಗ್?’ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. ನೀವು ಹೋಗುತ್ತಿದ್ದೀರಿ ಎಂಬುದು ಕೇಳುವವನಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ಊರು ಮಾತ್ರ. ಹಾಗಾಗಿ ಸ್ವರ ಇಳಿದು ಮುಗಿಯುತ್ತದೆ. ಅದೇ ಪದಗಳನ್ನು ‘↗ವೇರ್ ಆರ್ ಯು ಗೋಯಿಂಗ್?’ ಎಂದು ಮೊದಲ ಪದದಿಂದಲೇ ಏರಿಸಿ ಕೇಳಿದರೆ ಅರ್ಥ ಬದಲಾಗುತ್ತದೆ. ನೀವು ಊರಿನ ಹೆಸರು ಹೇಳಿಯಾಗಿದೆ, ಅವನಿಗೆ ಸರಿಯಾಗಿ ಕೇಳಿಸಲಿಲ್ಲ ಅಥವಾ ನಂಬಲಾಗಲಿಲ್ಲ. ನಾವು ಕನ್ನಡದಲ್ಲಿ ‘ಎಲ್ಲಿಗೆ ಅಂದ್ರಿ?’ ಎಂದು ಕೇಳುವಂತೆ. ಸಂದರ್ಶನದಲ್ಲಿ ಅಭ್ಯರ್ಥಿಯೊಬ್ಬ ‘ವೆನ್ ಕೆನ್ ಐ ಜಾಯಿನ್?’ ಎಂಬುದನ್ನು ಮೊದಲ ಪದದಿಂದ ಏರಿಸಿ ಕೇಳಿದರೆ, ಎದುರಿಗಿರುವವರು ‘ನಾವು ಇನ್ನೂ ದಿನಾಂಕ ಹೇಳಿಯೇ ಇಲ್ಲವಲ್ಲ’ ಎಂದು ಗೊಂದಲಪಟ್ಟಾರು. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ, ಮಾತು ಮಾತ್ರ ಬೇರೆಯಾಯಿತು.

ಎರಡನೆಯದು ಬಾಣದ ಜಾಗ. ಇಂಗ್ಲಿಷಿನ ಒಂದು ಚಿಕ್ಕ ವಾಕ್ಯದಲ್ಲಿ ಸಾಮಾನ್ಯವಾಗಿ ಒಂದು ಪದಕ್ಕೆ ಎಲ್ಲಕ್ಕಿಂತ ಹೆಚ್ಚಿನ ಒತ್ತು ಬೀಳುತ್ತದೆ. ಸ್ವರ ತಿರುಗುವುದು ಅಲ್ಲಿಂದ. ಬಾಣ ಹಾಕಬೇಕಾದದ್ದು ಆ ಪದದ ಒತ್ತಕ್ಷರದ ಮುಂದೆ, ವಾಕ್ಯದ ಕೊನೆಯಲ್ಲಲ್ಲ. ‘ಹಿ ಈಸ್ ಕಮಿಂಗ್ ಟು↘ಮಾರೋ’ ಎಂಬಲ್ಲಿ ಬಾಣ ‘ಮಾ’ ಮೇಲೆ ನಿಲ್ಲುತ್ತದೆ. ‘ಮಾ’ ಎತ್ತರದಲ್ಲಿ ಶುರುವಾಗಿ ‘ರೋ’ ತಳಕ್ಕೆ ಬೀಳುತ್ತದೆ. ‘ಈಸ್ ಹಿ ಕಮಿಂಗ್ ಟು↗ಮಾರೋ?’ ಎಂದು ಕೇಳುವಾಗ ಅದು ತಿರುವುಮುರುವು: ‘ಮಾ’ ತಗ್ಗಿನಲ್ಲಿರುತ್ತದೆ, ‘ರೋ’ ಮೇಲೇರುತ್ತದೆ. ಎರಡನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ವ್ಯತ್ಯಾಸ ಗಂಟಲಿಗೇ ತಿಳಿಯುತ್ತದೆ.

ಯಾವ ಪದಕ್ಕೆ ಒತ್ತು? ವಿಶೇಷ ಕಾರಣವಿಲ್ಲದಿದ್ದರೆ ಕೊನೆಯ ಅರ್ಥಪೂರ್ಣ ಪದಕ್ಕೆ. ಆದರೆ ಹಿಂದೆ ನಡೆದ ಮಾತು ಅದನ್ನು ಬದಲಿಸುತ್ತದೆ. ‘ಐ ರಿಟರ್ನ್ಡ್ ದ ಬುಕ್ ಆನ್ ↘ಮಂಡೇ’ ಎಂಬುದು ಸಾಮಾನ್ಯ ಹೇಳಿಕೆ. ‘ಪುಸ್ತಕ ವಾಪಸ್ ಕೊಟ್ಟದ್ದು ಯಾರು?’ ಎಂದು ಲೈಬ್ರರಿಯಲ್ಲಿ ಕೇಳಿದಾಗ ಉತ್ತರ ‘↘ಐ ರಿಟರ್ನ್ಡ್ ದ ಬುಕ್ ಆನ್ ಮಂಡೇ’ ಎಂದಾಗುತ್ತದೆ. ಮೊದಲ ಪದದಲ್ಲೇ ಸ್ವರ ಬಿದ್ದು, ಉಳಿದದ್ದೆಲ್ಲ ತಗ್ಗಿನಲ್ಲಿ ಸಮವಾಗಿ ಸಾಗಬೇಕು. ನಮ್ಮವರು ಎಡವುವುದು ಇಲ್ಲೇ. ಮೊದಲ ಪದಕ್ಕೆ ಒತ್ತು ಕೊಡುತ್ತಾರೆ, ಕೊನೆಗೆ ಅಭ್ಯಾಸಬಲದಿಂದ ‘ಮಂಡೇ’ಯನ್ನೂ ಮತ್ತೆ ಎತ್ತುತ್ತಾರೆ. ಕೇಳುವವರಿಗೆ ಮುಖ್ಯವಾದದ್ದು ಯಾರು ಎಂಬುದೋ, ಯಾವ ದಿನ ಎಂಬುದೋ ತಿಳಿಯುವುದಿಲ್ಲ.

ಇದು ನಮಗೆ ಕಷ್ಟವಾಗಲು ಕಾರಣ ನಮ್ಮ ದಡ್ಡತನವಲ್ಲ. ಈ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಉಪಕರಣಗಳಿವೆ. ‘ನಾನೇ ಕೊಟ್ಟೆ’, ‘ಪುಸ್ತಕವನ್ನೇ ಕೊಟ್ಟೆ’, ‘ಸೋಮವಾರವೇ ಕೊಟ್ಟೆ’ – ಒಂದು ‘ಏ’ ಎಲ್ಲಿ ಸೇರುತ್ತದೋ ಒತ್ತು ಅಲ್ಲಿಗೆ ಹೋಗುತ್ತದೆ. ‘ಅಪ್ಪ ಬಂದ್ರು’ ಎಂಬುದನ್ನು ಪ್ರಶ್ನೆಯಾಗಿಸಲು ‘ಬಂದ್ರಾ’ ಎಂದರೆ ಸಾಕು, ಆ ದೀರ್ಘವೇ ಪ್ರಶ್ನೆ. ಇಂಗ್ಲಿಷಿನಲ್ಲಿ ಇಂಥ ಪ್ರತ್ಯಯಗಳಿಲ್ಲ, ಹಾಗಾಗಿ ಈ ಹೊರೆಯ ಬಹುಪಾಲನ್ನು ಸ್ವರವೇ ಹೊರಬೇಕು.

ನಮ್ಮ ಕಾಲೇಜಿನಲ್ಲಿ ಮನೆಯಲ್ಲಿ ಉರ್ದು ಮಾತಾಡುವವರು ಅನೇಕರಿದ್ದಾರೆ. ಅವರಿಗೆ ಇನ್ನೊಂದು ಅನುಕೂಲವಿದೆ. ಪುಸ್ತಕದ ಉರ್ದುವಿನಲ್ಲಿ ‘ಕ್ಯಾ ಅಬ್ಬಾ ಆ ಗಯೇ?’ ಎಂದಿದ್ದರೂ ಮನೆಯಲ್ಲಿ ಆ ‘ಕ್ಯಾ’ವನ್ನು ಬಿಟ್ಟೇ ಕೇಳುತ್ತೇವೆ. ‘ಅಬ್ಬಾ ಆ ಗಯೇ’ ಎಂದು ಇಳಿಸಿದರೆ ಸುದ್ದಿ, ಏರಿಸಿದರೆ ಪ್ರಶ್ನೆ. ಪದಗಳು ಒಂದೇ, ವ್ಯತ್ಯಾಸ ಸ್ವರದ್ದು. ಬಾಣದ ಹಾಳೆ ಕಲಿಸಲು ಹೊರಟಿರುವುದನ್ನು ಇವರು ದಿನಾ ಅಡುಗೆಮನೆಯಲ್ಲಿ ಮಾಡುತ್ತಲೇ ಇದ್ದಾರೆ. ಇಂಗ್ಲಿಷ್ ಅಭ್ಯಾಸಕ್ಕೆ ಮುಂಚೆ ಈ ಎರಡು ಭಾಷೆಗಳಿಂದ ಐದು ನಿಮಿಷ ಉದಾಹರಣೆ ಕೊಟ್ಟರೆ ಬಾಣ ಎಂದರೆ ಏನೆಂದು ಮತ್ತೆ ವಿವರಿಸಬೇಕಾಗಿಲ್ಲ. ಇಂಗ್ಲಿಷ್ ಪೀರಿಯಡ್‌ನಲ್ಲಿ ಬೇರೆ ಭಾಷೆ ಬರಲೇಬಾರದು ಎನ್ನುವ ಸಹೋದ್ಯೋಗಿಗಳೊಂದಿಗೆ ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲೇ.

ಹಾಗಾದರೆ ಅಭ್ಯಾಸ ಹೇಗಿರಬೇಕು? ಬಿಡಿ ವಾಕ್ಯಗಳ ಬದಲು ಒಂದು ಸಣ್ಣ ಸಂಭಾಷಣೆ ಕೊಡಿ ಎನ್ನುತ್ತೇನೆ. ಲೈಬ್ರರಿ ಕೌಂಟರಿನ ಈ ಮಾತುಗಳನ್ನು ನೋಡಿ:

ವಿದ್ಯಾರ್ಥಿ: ಈಸ್ ದ ಲೈಬ್ರರಿ ↗ಓಪನ್?
ಗ್ರಂಥಪಾಲಕರು: ಇಟ್ ಓಪನ್ಸ್ ಅಟ್ ↘ಟೆನ್.
ವಿದ್ಯಾರ್ಥಿ: ವೆನ್ ಡಸ್ ಇಟ್ ↘ಕ್ಲೋಸ್?
ಗ್ರಂಥಪಾಲಕರು: ಇಟ್ ಕ್ಲೋಸಸ್ ಅಟ್ ↘ಫೋರ್.
ವಿದ್ಯಾರ್ಥಿ: ↗ಫೋರ್?
ಗ್ರಂಥಪಾಲಕರು: ↘ಯೆಸ್, ↘ಫೋರ್.

ಮೊದಲ ಸುತ್ತಿನಲ್ಲಿ ಬಾಣಗಳಿಲ್ಲದ ಹಾಳೆ ಕೊಟ್ಟು, ಪ್ರತಿ ಸಾಲಿನಲ್ಲಿ ಹೊಸ ಸುದ್ದಿ ಯಾವ ಪದದಲ್ಲಿದೆ ಎಂದು ಹುಡುಕಿ ಅಡಿಗೆರೆ ಎಳೆಯಬೇಕು. ನಾಲ್ಕನೇ ಸಾಲಿನಲ್ಲಿ ‘ಕ್ಲೋಸಸ್’ ಹಳೆಯ ಸುದ್ದಿ, ಅದನ್ನು ಈಗಾಗಲೇ ಕೇಳಿಯಾಗಿದೆ. ಹೊಸದು ‘ಫೋರ್’. ಎರಡನೇ ಸುತ್ತಿನಲ್ಲಿ ಪದಗಳನ್ನು ಬಿಟ್ಟು, ಬಾಯಿ ಮುಚ್ಚಿ ಆ ಸಾಲನ್ನು ಗುನುಗಬೇಕು. ಪದಗಳು ಹೋದಾಗ ರಾಗ ಸ್ಪಷ್ಟವಾಗಿ ಕೇಳಿಸುತ್ತದೆ. ಮೂರನೇ ಸುತ್ತಿನಲ್ಲಷ್ಟೇ ಬಾಣ ಹಾಕಬೇಕು. ಒಂದೇ ಪದದ ‘ಫೋರ್’ ಮೂರು ಕಡೆ ಬಂದು ಎರಡು ಕಡೆ ಇಳಿದು ಒಂದು ಕಡೆ ಏರುವುದನ್ನು ಗಮನಿಸಿದವರಿಗೆ ಪಾಠದ ಅರ್ಧ ಮುಗಿದಂತೆ.

ಸರಿಯಾಗಿ ಹೇಳಿದೆವೇ ಎಂದು ತಿಳಿಯಲು ಪಕ್ಕದವರ ಕಿವಿ ಸಾಕು. ‘ಫೋರ್’ ಎಂದು ಮಾತ್ರ ಹೇಳಿ. ನಿಮ್ಮ ಮುಖ ನೋಡದೆ ಅವರು ಅದು ಪ್ರಶ್ನೆಯೋ ಉತ್ತರವೋ ಎಂದು ಹೇಳಬಲ್ಲರಾದರೆ ಗೆದ್ದಂತೆ. ಕಣ್ಣಿಗೂ ಕಾಣಬೇಕೆನ್ನುವವರು ಕಂಪ್ಯೂಟರ್ ಲ್ಯಾಬಿನಲ್ಲಿ Praat ಎಂಬ ಉಚಿತ ತಂತ್ರಾಂಶದಲ್ಲಿ ತಮ್ಮ ಧ್ವನಿಮುದ್ರಣ ತೆರೆದು ನೋಡಬಹುದು. ಸ್ವರದ ಏರಿಳಿತ ನೀಲಿ ಗೆರೆಯಾಗಿ ಕಾಣುತ್ತದೆ. ಒಂದು ಎಚ್ಚರಿಕೆ: ‘ಸ’, ‘ಟ’ದಂಥ ಧ್ವನಿಗಳ ಜಾಗದಲ್ಲಿ ಗೆರೆ ತುಂಡಾಗುತ್ತದೆ, ಇಳಿಸ್ವರದ ತುದಿಯಲ್ಲಿ ದನಿ ಒಡೆದಾಗ ಗೆರೆ ಮಾಯವಾಗುವುದೂ ಉಂಟು. ಅದನ್ನು ತಪ್ಪೆಂದು ತಿಳಿಯಬೇಡಿ.

ಬಾಣಗಳ ಮಿತಿಯನ್ನೂ ಹೇಳಲೇಬೇಕು. ಅಮೆರಿಕದ ಭಾಷಾತಜ್ಞ ಚಾರ್ಲ್ಸ್ ಫ್ರೈಸ್ 1964ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರಸಾರದ ಪ್ರಶ್ನೋತ್ತರ ಕಾರ್ಯಕ್ರಮವೊಂದರ ಹೌದು–ಇಲ್ಲ ಪ್ರಶ್ನೆಗಳನ್ನು ಎಣಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚಿನವು ಇಳಿಸ್ವರದಲ್ಲೇ ಮುಗಿದಿದ್ದವು. ಉತ್ತರ ಇದೇ ಇರಬೇಕು ಎಂದು ಊಹಿಸಿ ಕೇಳುವವರು ಹಾಗೆ ಕೇಳುವುದು ಸಹಜ. ಬೆಲ್‌ಫಾಸ್ಟ್ ನಗರದ ಮಾತಿನಲ್ಲಿ ಸಾಮಾನ್ಯ ಹೇಳಿಕೆಗಳೂ ಏರಿ ಮುಗಿಯುತ್ತವೆ, ಆಸ್ಟ್ರೇಲಿಯಾದ ಅನೇಕರ ಮಾತಿನಲ್ಲೂ ಅದು ಕೇಳಿಸುತ್ತದೆ. ಆದ್ದರಿಂದ ಉತ್ತರಪತ್ರಿಕೆಯಲ್ಲಿ ಹೌದು–ಇಲ್ಲ ಪ್ರಶ್ನೆಯೊಂದಕ್ಕೆ ↘ ಹಾಕಿದ ವಿದ್ಯಾರ್ಥಿಯ ಅಂಕವನ್ನು ಕೂಡಲೇ ಕಳೆಯುವುದು ನ್ಯಾಯವಲ್ಲ. ‘ಹೀಗೆ ಕೇಳುವವನ ಮನಸ್ಸಿನಲ್ಲಿ ಏನಿದೆ?’ ಎಂದು ಒಂದು ಸಾಲು ಬರೆಸಿ. ಕಾರಣ ಸರಿಯಿದ್ದರೆ ಬಾಣವೂ ಸರಿ.

ನನ್ನ ಸಹೋದ್ಯೋಗಿಗಳಲ್ಲಿ ಬೇಡಿಕೆ ಇಷ್ಟೇ. ಮುಂದಿನ ಬಾರಿ ಹಾಳೆ ಸಿದ್ಧಪಡಿಸುವಾಗ ಕೊನೆಯ ಚೌಕಗಳನ್ನು ತೆಗೆದುಬಿಡೋಣ, ಅಂಕದ ಅರ್ಧವನ್ನು ಅಡಿಗೆರೆಗೆ ಇಡೋಣ. ವಿದ್ಯಾರ್ಥಿಗಳೇ, ನೀವೂ ಪ್ರಶ್ನಾರ್ಥಕ ಚಿಹ್ನೆಯನ್ನು ಬೆರಳಿನಿಂದ ಮುಚ್ಚಿಕೊಂಡು ವಾಕ್ಯವನ್ನು ಗಟ್ಟಿಯಾಗಿ ಓದಿ. ಆಮೇಲೆ ಪೆನ್ನು ತೆಗೆಯಿರಿ.