ಮುರಿದ ನಿಶ್ಚಯವನ್ನು ಹೇಳುವುದು ಯಾವಾಗ?

‘ಕನ್ಯಾದ ಬಯೋಡೇಟಾ ಕಳಸ್ರಿ’ ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಅವ್ವ ಅಪ್ಪನ ಮುಖ ನೋಡುತ್ತಾಳೆ, ಅಪ್ಪ ಮಾಮಾನ ಮುಖ ನೋಡುತ್ತಾನೆ. ಹೋದ ವರ್ಷ ಮುರಿದ ನನ್ನ ನಿಶ್ಚಯದ ವಿಷಯವನ್ನು ಅದರಲ್ಲಿ ಬರೆಯಬೇಕೋ ಬೇಡವೋ ಎಂಬುದು ಇನ್ನೂ ಅವರೊಳಗೆ ತೀರ್ಮಾನವಾಗಿಲ್ಲ. ನನ್ನ ಮಟ್ಟಿಗೆ ತೀರ್ಮಾನವಾಗಿದೆ. ಬಯೋಡೇಟಾದಲ್ಲಿ ಬರೆಯಬಾರದು. ಆದರೆ ಹುಡುಗನ ಕಡೆಯವರು ನಮ್ಮೂರಿಗೆ ವಿಚಾರಿಸಲು ಬರುವ ಮೊದಲೇ ಹುಡುಗನಿಗೆ ಹೇಳಿಬಿಡಬೇಕು. ಈ ಮಾತಿಗೆ ಬರಲು ನನಗೆ ಎರಡು ಸಲ ಮುಗ್ಗರಿಸಬೇಕಾಯಿತು.

ನಮ್ಮದು ಶರಣಸಿರಸಗಿ. ನಾನು ಕಲಬುರಗಿಯಲ್ಲಿ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ, ವಯಸ್ಸು ಇಪ್ಪತ್ತೇಳು. ಸಂಬಂಧ ತಂದದ್ದು ಅಪ್ಪನ ದೂರದ ಬೀಗರು. ಹುಡುಗ ನೋಡಿ ಹೋದ, ಹದಿನೈದು ದಿನಕ್ಕೆ ಎರಡೂ ಕಡೆಯ ಹಿರಿಯರು ಕೂತು ಯಾದಿ ಬರೆದರು. ನಮ್ಮ ಕಡೆಯ ಓದುಗರಿಗೆ ಯಾದಿ ಎಂದರೆ ಏನೆಂದು ಹೇಳಬೇಕಿಲ್ಲ. ಬಂಗಾರ ಎಷ್ಟು, ಛತ್ರದ ಖರ್ಚು ಯಾರದು, ಯಾರಿಗೆ ಯಾವ ಬಟ್ಟೆ ಎಂದೆಲ್ಲ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಇಟ್ಟುಕೊಳ್ಳುವ ಪಟ್ಟಿ ಅದು. ಐದು ತೊಲ ಬಂಗಾರ, ಊಟ ಮತ್ತು ಛತ್ರ ನಮ್ಮದು ಎಂದಾಯಿತು. ನಿಶ್ಚಯ ಆಯಿತು, ಉಡಿ ತುಂಬಿದರು, ಉಂಗುರ ಹಾಕಿದರು, ಫೋಟೊ ತೆಗೆದರು. ಮದುವೆಗೆ ಎರಡು ತಿಂಗಳಿದ್ದಾಗ, ಯಾದಿಯಲ್ಲಿ ಇಲ್ಲದ ಮೂರು ಲಕ್ಷದ ಮಾತು ಬಂತು, ಹುಡುಗನಿಗೆ ಕಾರು ಕೊಳ್ಳಲು ಅಂತ. ಅಪ್ಪ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ, ಮೂರನೇ ದಿನ ಆಗುವುದಿಲ್ಲ ಎಂದ. ಇಷ್ಟೇ ಕತೆ.

ಇಷ್ಟೇ ಕತೆಯನ್ನು ಹೊಸಬರಿಗೆ ಹೇಗೆ ಹೇಳುವುದು ಎಂಬುದೇ ಕಷ್ಟ.

ಮೊದಲ ಸಲ ನಾನು ಆದರ್ಶದ ಹುಡುಗಿಯಾಗಲು ಹೋದೆ. ಮ್ಯಾಟ್ರಿಮನಿ ಆ್ಯಪಿನಲ್ಲಿ ನನ್ನ ಬಗ್ಗೆ ಬರೆಯುವ ಜಾಗದಲ್ಲೇ ‘ಹಿಂದೆ ಒಂದು ನಿಶ್ಚಯ ಆಗಿ ಮುರಿದಿದೆ, ಮುಚ್ಚಿಡುವುದು ನನಗೆ ಇಷ್ಟವಿಲ್ಲ’ ಎಂದು ಬರೆದೆ. ಆ ಒಂದು ಸಾಲು ಉಳಿದ ಎಲ್ಲ ಸಾಲುಗಳನ್ನೂ ನುಂಗಿತು. ಬಂದ ಸಂದೇಶಗಳಲ್ಲಿ ನಮಸ್ಕಾರವೂ ಇಲ್ಲ, ಸೀದಾ ‘ಯಾಕೆ ಮುರೀತು?’ ಎಂಬ ಪ್ರಶ್ನೆ. ಎರಡನೇ ಮದುವೆಗೆ ಹುಡುಕುತ್ತಿದ್ದ, ನನಗಿಂತ ಹದಿನೈದು ವರ್ಷ ದೊಡ್ಡವರೂ ಕೇಳಿದರು. ‘ನಮ್ಮದೂ ಅಡ್ಜಸ್ಟ್ ಮಾಡಿಕೊಳ್ಳೋ ಕೇಸು’ ಎಂದು ಒಬ್ಬರು ಬರೆದಿದ್ದರು. ನಿಶ್ಚಯ ಮುರಿದ ಹುಡುಗಿ ಸಸ್ತಾ ಆಗಿರುತ್ತಾಳೆ ಎಂಬ ಲೆಕ್ಕ ಅವರದು. ಬಯೋದ ಸಾಲು ಎಲ್ಲರಿಗೂ ಕಾಣುತ್ತದೆ, ಆದರೆ ಯಾರಿಗೂ ಪೂರ್ತಿ ಏನನ್ನೂ ಹೇಳುವುದಿಲ್ಲ. ಮಿಕ್ಕದ್ದನ್ನು ಓದಿದವರು ತಮಗೆ ಬೇಕಾದಂತೆ ತುಂಬಿಕೊಳ್ಳುತ್ತಾರೆ.

ಅದೇ ಆ್ಯಪಿನಲ್ಲಿ ವೈವಾಹಿಕ ಸ್ಥಿತಿ ಎಂಬ ಖಾನೆಯೂ ಇರುತ್ತದೆ. ಅಲ್ಲಿ Never Married ಎಂದು ಒತ್ತಲು ನನ್ನ ಕೈ ನಡುಗಿತ್ತು. ನಡುಗಬೇಕಾಗಿರಲಿಲ್ಲ. ನಿಶ್ಚಯ ಮದುವೆಯಲ್ಲ. ಉಂಗುರ ಹಾಕಿದ್ದರೂ, ಐನೂರು ಜನ ಉಂಡು ಹೋಗಿದ್ದರೂ, ಕಾನೂನಿನ ಕಣ್ಣಿಗೆ ನಾನು ಅವಿವಾಹಿತೆಯೇ. ಅದನ್ನು ಮುರಿಯಲು ಕೋರ್ಟಿಗೆ ಹೋಗಬೇಕಿಲ್ಲ. ಆದರೆ ಒಂದು ಎಚ್ಚರಿಕೆ ಇದೆ. ವೀಸಾಕ್ಕೋ ಮತ್ತೊಂದಕ್ಕೋ ಬೇಕು ಎಂದು ನಿಶ್ಚಯದ ಬಳಿಕ ಸಮಾರಂಭಕ್ಕೂ ಮೊದಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡಿ ಮದುವೆ ನೋಂದಾಯಿಸಿಕೊಂಡವರು ಇದ್ದಾರೆ. ‘ಅದೇನು, ಬರೀ ಪೇಪರ್’ ಎಂದು ಮನೆಯವರು ಹೇಳುತ್ತಾರೆ. ಆ ಪೇಪರ್ ಇದ್ದರೆ ಅದನ್ನು ಮುರಿದ ನಿಶ್ಚಯ ಎಂದು ಕರೆಯಲಾಗದು. ಮೊದಲು ವಕೀಲರನ್ನು ಕಾಣಬೇಕು, ಆಮೇಲೆ ಆ್ಯಪು.

ಎರಡನೇ ಸಲ ಅವ್ವನ ಮಾತು ಕೇಳಿದೆ. ‘ಕೇಳಿದ್ರ ಹೇಳು, ಕೇಳ್ದಿದ್ರ ಯಾಕ್ ಹೇಳ್ತಿ?’ ಎಂದಳು. ಬಯೋದ ಸಾಲು ತೆಗೆದೆ. ಕಮಲಾಪುರ ಕಡೆಯ ಒಬ್ಬರ ಜೊತೆ ಮಾತು ಶುರುವಾಯಿತು. ಐದು ವಾರ ಚೆನ್ನಾಗಿಯೇ ನಡೆಯಿತು. ನಿಮ್ಮೂರಿನ ಕೆಂಪು ಬಾಳೆಹಣ್ಣು ಕಲಬುರಗಿಗೆ ಬರುವಷ್ಟರಲ್ಲಿ ಎರಡು ಪಟ್ಟು ರೇಟಾಗುತ್ತದೆ ಎಂದು ಜಗಳವಾಡುವಷ್ಟು ಸಲುಗೆ ಬಂದಿತ್ತು. ಅಷ್ಟರಲ್ಲಿ ಅವರ ಮನೆಯವರು ವಿಚಾರಣೆಗೆ ಇಳಿದರು. ಒಂದು ರಾತ್ರಿ ಅವರ ಸಂದೇಶ ಬಂತು: ‘ನಿಮ್ಮ ನಿಶ್ಚಯದ ಫೋಟೊ ನಮ್ಮ ಅತ್ತಿ ತೋರಿಸಿದ್ರು. ಮತ್ತೇನೇನು ಹೇಳೂದು ಉಳದದ?’ ಉಳಿದದ್ದು ಏನೂ ಇರಲಿಲ್ಲ. ಆದರೆ ಏನೂ ಇಲ್ಲ ಎಂದು ನಂಬಿಸುವ ದಾರಿಯೂ ಆಗ ನನ್ನ ಬಳಿ ಇರಲಿಲ್ಲ. ತಪ್ಪು ಅವರದ್ದೆಂದು ನನಗೆ ಅನಿಸಿಲ್ಲ.

ಬೆಂಗಳೂರಿನಲ್ಲಿ ಬೆಳೆದವರಿಗೆ ನಮ್ಮ ಕಡೆಯ ವಿಚಾರಣೆ ಹೇಗೆಂದು ಗೊತ್ತಿರಲಿಕ್ಕಿಲ್ಲ. ಬಯೋಡೇಟಾದಲ್ಲಿ ತಂದೆಯ ಹೆಸರು, ಅಡ್ಡಹೆಸರು, ಊರು, ಮಾಮಾನ ಊರು ಇರುತ್ತವೆ. ಇಷ್ಟು ಸಿಕ್ಕರೆ ಸಾಕು. ಅವರ ಬೀಗರ ಬೀಗರೊಬ್ಬರು ನಮ್ಮೂರಿನಲ್ಲಿ ಇದ್ದೇ ಇರುತ್ತಾರೆ. ಕಿರಾಣಿ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಗುಡಿಯ ಕಟ್ಟೆಯಲ್ಲಿ ‘ಆ ಮನಿ ಹುಡುಗಿ ಹ್ಯಾಂಗ್ರಿ?’ ಎಂದು ಕೇಳಿ ಹೋಗುತ್ತಾರೆ. ನಾಲ್ಕು ದಿನ ಸಾಕು. ಆ ಕಟ್ಟೆಯ ಮೇಲೆ ನನ್ನ ನಿಶ್ಚಯ ಮುರಿದದ್ದಕ್ಕೆ ಕಾರಣ ಕಾರಲ್ಲ. ಯಾರೋ ‘ಹುಡುಗಿಗೆ ಬೇರೆ ಕಡೆ ಇತ್ತಂತ’ ಎನ್ನುತ್ತಾರೆ, ಇನ್ನೊಬ್ಬರು ಕುಂಡಲಿ ಎನ್ನುತ್ತಾರೆ. ಅದಕ್ಕೇ ನಾನು ಹೇಳುವುದು, ಗಡುವು ಚಾಟಿನ ಮೂರನೇ ದಿನವೋ ಹತ್ತನೇ ದಿನವೋ ಅಲ್ಲ, ಅಪ್ಪನ ಹೆಸರು ಮತ್ತು ಊರು ಆ ಕಡೆಗೆ ಹೋಗುವ ದಿನ. ಅದಕ್ಕೂ ಮೊದಲು ನನ್ನ ಬಾಯಿಂದ ಹೋಗಿದ್ದರೆ, ಆಮೇಲೆ ಕಟ್ಟೆಯ ಮಾತು ಬಂದಾಗ ಹುಡುಗನಿಗೆ ತೂಗಿ ನೋಡಲು ಇನ್ನೊಂದು ತಟ್ಟೆ ಇರುತ್ತದೆ.

ಮೂರನೇ ಸಲ, ಆಳಂದ ಕಡೆಯ ಒಬ್ಬರು. ಎರಡು ಸಲ ಮಾತಾಡಿ, ಮುಂದುವರಿಸಬಹುದು ಎಂದು ಇಬ್ಬರಿಗೂ ಅನಿಸಿದ ಮೇಲೆ, ಅವರು ‘ಮನಿಗಿ ಬಯೋಡೇಟಾ ಕಳಿಸ್ಲಾ?’ ಎಂದರು. ಒಂದು ದಿನ ತಡೆಯಿರಿ ಎಂದೆ. ಏನು ಹೇಳಬೇಕೆಂದು ಬರೆದು ನೋಡಿದೆ. ಮೊದಲ ಕರಡಿನಲ್ಲಿ ‘ಅವರು ವರದಕ್ಷಿಣೆ ಆಸೆಬುರುಕರು’ ಎಂದಿತ್ತು. ಓದಿ ನೋಡಿದಾಗ ಒಂದು ಮುಳ್ಳು ಚುಚ್ಚಿತು. ಮೂರು ಲಕ್ಷ ಕೇಳಿದ್ದು ಅವರು, ಸರಿ. ಆದರೆ ಐದು ತೊಲಕ್ಕೆ ತಲೆಯಾಡಿಸಿ ಯಾದಿಯ ಹಾಳೆಯನ್ನು ದೇವರ ಮುಂದಿಟ್ಟದ್ದು ಯಾರು? 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೇಳುವುದು, ತೆಗೆದುಕೊಳ್ಳುವುದು ಮಾತ್ರವಲ್ಲ, ಕೊಡುವುದೂ ಅಪರಾಧ. ಮದುವೆಗೆ ಮೊದಲೇ ಕೇಳಿದರೂ ಅದು ಅಪರಾಧವೇ. ‘ಯಾದಿಯಲ್ಲಿ ಇಲ್ಲದ್ದು ಕೇಳಿದರು’ ಎಂದು ನಾವು ಊರೆಲ್ಲ ದೂರಿಕೊಂಡು ಬಂದದ್ದು, ಯಾದಿಯಲ್ಲಿ ಇದ್ದದ್ದು ನ್ಯಾಯವೇ ಎಂಬಂತೆ. ಕೇಳುವ ಹುಡುಗ ಬುದ್ಧಿವಂತನಾದರೆ ಅವನಿಗೆ ಇದು ತಕ್ಷಣ ಹೊಳೆಯುತ್ತದೆ: ಇವರ ತಕರಾರು ಕೇಳಿದ್ದಕ್ಕೋ, ಹೆಚ್ಚು ಕೇಳಿದ್ದಕ್ಕೋ?

ಕೊನೆಗೆ ಕರೆ ಮಾಡಿಯೇ ಹೇಳಿದೆ. ಬರೆದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಮನೆಯ ಗುಂಪಿಗೆ ಹಾಕಬಹುದು, ದನಿಯನ್ನು ಹಾಗೆ ಸುಲಭಕ್ಕೆ ಹಂಚಲಾಗದು. ಹೇಳಿದ್ದು ಇಷ್ಟು: ‘ನಿಮಗ ಒಂದು ಮಾತು ಹೇಳೂದದ. ಹೋದ ವರ್ಷ ಮನಿಯವರು ನೋಡಿ ನಿಶ್ಚಯ ಮಾಡಿದ್ರು. ಮದುವಿಗಿ ಎರಡು ತಿಂಗಳು ಇದ್ದಾಗ ಕೊಡೂ ತಗೊಳ್ಳೂ ಮಾತಿನ್ಯಾಗ ಅಪ್ಪ ಬ್ಯಾಡ ಅಂದ್ರು. ಮೊದಲಿನ ಯಾದಿಗಿ ನಾವೂ ಒಪ್ಪಿದ್ವಿ, ಅದು ನಮ್ಮ ತಪ್ಪು. ಎರಡೂ ಕಡಿ ಸಾಮಾನು ವಾಪಸ್ ಆಗ್ಯಾವ, ಈಗ ಸಂಪರ್ಕ ಇಲ್ಲ. ಏನರ ಕೇಳೂದಿದ್ರ ನನಗೇ ಕೇಳ್ರಿ.’

ಒಂದು ನಿಮಿಷವೂ ಹಿಡಿಯಲಿಲ್ಲ. ಆ ಹುಡುಗನ ಹೆಸರು, ಊರು ಹೇಳಲಿಲ್ಲ. ಅವನು ಒಳ್ಳೆಯವನೋ ಕೆಟ್ಟವನೋ ಎಂದೂ ಹೇಳಲಿಲ್ಲ. ಬೇರೆಯವರ ನಿಶ್ಚಯ ಮುರಿಯಲು ಕಾಯಿಲೆ, ಹಳೆಯ ಪ್ರೀತಿ ಹೀಗೆ ಏನೇನೋ ಕಾರಣ ಇರಬಹುದು. ಅದು ಆ ಕಡೆಯವರ ಗುಟ್ಟಾಗಿದ್ದರೆ ‘ಕಾರಣ ಅವರ ಮನೆಯ ವಿಷಯ’ ಎಂದು ನಿಲ್ಲಿಸುವುದೇ ಸರಿ. ಇವತ್ತು ಅವರ ಗುಟ್ಟು ಹೇಳಿದವಳು ನಾಳೆ ತನ್ನ ಗುಟ್ಟನ್ನೂ ಹೇಳುತ್ತಾಳೆ ಎಂದು ಕೇಳುವವನಿಗೆ ಅನಿಸದೆ ಇರದು. ಹಾಗೆಯೇ, ಬೇಡ ಎಂದದ್ದು ನಾವೇ ಆಗಿದ್ದರೆ ನಾವೇ ಎಂದು ಒಪ್ಪಬೇಕು. ಇದನ್ನು ಹುಡುಗರಿಗೂ ಹೇಳುತ್ತಿದ್ದೇನೆ. ಅವರ ನಿಶ್ಚಯ ಮುರಿದರೆ ಯಾರೂ ಕಟ್ಟೆಯ ಮೇಲೆ ವಿಚಾರಿಸುವುದಿಲ್ಲ, ‘ಹುಡುಗಿ ಕಡಿಯವರು ಸರಿ ಇರಲಿಲ್ಲ’ ಎಂಬ ಒಂದೇ ಸಾಲಿನಲ್ಲಿ ಪಾರಾಗಿಬಿಡುತ್ತಾರೆ.

ಸಾಮಾನು ವಾಪಸ್ ಎಂದೆನಲ್ಲ, ಅದಕ್ಕೆ ಚೀಟಿ ಇದೆ. ಉಂಗುರ, ಎರಡು ಸೀರೆ, ಒಂದು ಮೊಬೈಲ್ ಇತ್ತ ಕಡೆಯಿಂದ ಹೋದವು, ಅವನಿಗೆ ಹಾಕಿದ್ದ ಉಂಗುರ ಮತ್ತು ಬಟ್ಟೆಯ ದುಡ್ಡು ಬಂತು. ಮಾಮಾ ಹಟ ಹಿಡಿದು ಇಬ್ಬರು ಹಿರಿಯರ ಮುಂದೆ ಇದನ್ನು ಬರೆಸಿ, ಸಹಿ ಹಾಕಿಸಿ, ಫೋಟೊ ತೆಗೆದಿಟ್ಟ. ಆಗ ನನಗೆ ಅದು ಅತಿ ಎನಿಸಿತ್ತು, ಲೆಕ್ಕದ ಕೆಲಸ ಮಾಡುವವಳು ನಾನು, ಚೀಟಿ ಬರೆಸುವವನು ಅವನು. ಆದರೆ ‘ಅವರ ಬಂಗಾರ ಇನ್ನೂ ಇವರ ಮನ್ಯಾಗ ಅದ’ ಎಂಬ ಸುದ್ದಿ ಕಟ್ಟೆಗೆ ಬಂದಾಗ ಕೆಲಸಕ್ಕೆ ಬಂದದ್ದು ಆ ಚೀಟಿಯೇ.

ಮನೆಯವರ ಬಾಯಿ ಒಂದಾಗಿಸುವುದು ಇದಕ್ಕಿಂತ ಕಷ್ಟ. ಅಪ್ಪ ‘ಕುಂಡಲಿ ಕೂಡಲಿಲ್ಲ’ ಎಂದು ಬೀಗರಿಗೆ ಹೇಳಿಕೊಂಡಿದ್ದ, ಮರ್ಯಾದೆಗೆ. ಅವ್ವ ‘ಹುಡುಗನ ನೌಕರಿ ಸರಿ ಇರಲಿಲ್ಲ’ ಎಂದಿದ್ದಳು. ನಾನು ದುಡ್ಡು ಎನ್ನುತ್ತಿದ್ದೆ. ಮೂರೂ ಸೇರಿದರೆ ಕೇಳಿದವರಿಗೆ ನಾಲ್ಕನೆಯದೇನೋ ಇದೆ ಎನಿಸುವುದು ಸಹಜ. ಒಂದು ಭಾನುವಾರ ಇಬ್ಬರನ್ನೂ ಕೂರಿಸಿ, ಆಳಂದದವರಿಗೆ ಹೇಳಿದ ಅದೇ ಮಾತನ್ನು ಮತ್ತೆ ಹೇಳಿದೆ. ‘ನಮ್ಮ ತಪ್ಪು’ ಎಂಬಲ್ಲಿ ಅಪ್ಪ ಎದ್ದು ಹೊರಗೆ ಹೋದ. ಸಂಜೆ ಬಂದು, ‘ಹಾಂಗೇ ಹೇಳೋಣ ಬಿಡು’ ಎಂದ.

ಆ ದಿನ ಕರೆಯಲ್ಲಿ ಆಳಂದದವರು ಕೇಳಿದ್ದು ಎರಡೇ ಪ್ರಶ್ನೆ. ಮೊದಲನೆಯದು, ‘ಆಗ ನಿಮಗ ಭಾಳ ತ್ರಾಸ ಆಯ್ತೇನು?’ ಹೌದು ಎಂದೆ. ಇದಕ್ಕೂ ಮೊದಲು ಇದೇ ವಿಷಯ ಕೇಳಿದ ಇನ್ನೊಬ್ಬರು ‘ಅವನ ಜೋಡಿ ಎಲ್ಲೆಲ್ಲಿ ತಿರುಗಾಡಿದ್ರಿ?’ ಎಂದು ವಿಚಾರಿಸಿದ್ದರು, ಆ ಮಾತು ಅಲ್ಲಿಗೇ ಮುಗಿದಿತ್ತು. ಎರಡನೆಯ ಪ್ರಶ್ನೆ, ‘ಹಂಗಾದ್ರ ಈ ಸಲ ಯಾದಿ ಬರೀಬೇಕೇನು?’ ಬೇಡ ಎಂದೆ. ಅವರ ಮನೆಯವರು ಇದಕ್ಕೆ ಏನನ್ನುತ್ತಾರೋ ಗೊತ್ತಿಲ್ಲ. ಯಾದಿ ಇಲ್ಲದ ಮದುವೆಯ ಮಾತನ್ನು ನಾನಿನ್ನೂ ಅಪ್ಪನ ಮುಂದೆ ಎತ್ತಿಲ್ಲ.