‘ಪರ್ಸನಾಲಿಟಿ’ ಅಂಕ ಯಾರ ಮುಖಕ್ಕೆ?

ಹೊಸದಾಗಿ ಸೇಲ್ಸ್‌ಗೆ ಸೇರೋರಿಗೆ ರೋಲ್‌ಪ್ಲೇ ಮಾಡಿಸ್ತಾರೆ. ಅಂಕಪಟ್ಟಿಯಲ್ಲಿ ‘ಪರ್ಸನಾಲಿಟಿ’ ಅಂತ ಒಂದು ಸಾಲಿದ್ರೆ ಸಾಕು, ಬಣ್ಣ, ಉಚ್ಚಾರ, ಮನೆತನ ಎಲ್ಲಾ ಅದರೊಳಗೆ ನುಸುಳುತ್ತೆ. ನಮ್ಮ ಕೇರಿ ಹುಡುಗರು ಬೀಳೋದು ಅಲ್ಲೇ.

ಬ್ಯಾಟರಾಯನಪುರದ ಒಂದು ಸ್ಕೂಟರ್ ಶೋರೂಮ್ ಅಂದ್ಕೊಳ್ಳಿ. ಗಿರಾಕಿ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು. ತಿಂಗಳಿಗೆ 2,500ಕ್ಕಿಂತ ಹೆಚ್ಚು ಕಂತು ಕಟ್ಟೋಕಾಗಲ್ಲ. ಕಂತು ತಪ್ಪಿ ತಮ್ಮನ ಗಾಡಿ ಎಳ್ಕೊಂಡು ಹೋಗಿದ್ದಾರೆ, ಆ ಭಯ ಇದೆ. ಇವೆರಡನ್ನೂ ಕೇಳಿದರೆ ಮಾತ್ರ ಹೇಳಬೇಕು ಅಂತ ಗಿರಾಕಿ ಪಾತ್ರದ ಚೀಟಿಯಲ್ಲಿ ಬರೆದಿರಲಿ. ಎಲ್ಲರಿಗೂ ಅದೇ ಚೀಟಿ.

ಅಂಕಕ್ಕೆ ನಾಲ್ಕೇ ಪ್ರಶ್ನೆ. ಎಷ್ಟು ಕಟ್ಟಬಲ್ಲಿರಿ ಅಂತ ಕೇಳಿದ್ರಾ? ಭಯ ಏನಂತ ತಿಳ್ಕೊಂಡ್ರಾ? ಆನ್‌ರೋಡ್ ಬೆಲೆ, ಒಟ್ಟು ಬಡ್ಡಿ ಬಿಚ್ಚಿ ಹೇಳಿದ್ರಾ? ಕಂತು ತಪ್ಪಿದರೆ ಏನಾಗುತ್ತೆ ಅನ್ನೋ ನಿಜ ಹೇಳಿದ್ರಾ? ಪೂರ್ತಿ ಮಾಡಿದ್ರೆ 2, ಅರೆಬರೆ ಆದ್ರೆ 1, ಇಲ್ಲದಿದ್ರೆ 0. ಪಕ್ಕದಲ್ಲೇ ಅವರಾಡಿದ ಮಾತು ಬರೀಬೇಕು.

ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಲಿ. ಒಂದೇ ಪ್ರಶ್ನೆಗೆ ಒಬ್ಬರು 2, ಇನ್ನೊಬ್ಬರು 0 ಕೊಟ್ರೆ ಬರೆದ ಮಾತು ತೆಗೆದು ನೋಡಲಿ. ಮಾತೇ ಬರೆದಿಲ್ವಾ? ಹಾಗಾದ್ರೆ ಅಂಕ ಬಿದ್ದದ್ದು ಮುಖ ನೋಡಿ.

ಕೊಳ್ಳೋಕೆ ಬಂದಾಗ ನಮ್ಮವರ ದುಡ್ಡು ನಡೆಯುತ್ತೆ. ಮಾರೋಕೆ ನಿಂತಾಗ ನಮ್ಮ ಮಕ್ಕಳ ನಾಲಿಗೆ ಯಾಕೆ ನಡೆಯಲ್ಲ?